‘ಬಿಪಿಎ ಫ್ರೀ’ ಬಾಟಲಿಗೆ ಕುದಿಯುವ ನೀರು ಹಾಕಬಹುದಾ?

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಡಾಕ್ಟರ್ ಹೇಳಿದ ಮೇಲೆ ಪುಡಿ ಹಾಲು ಶುರು ಮಾಡಿದ್ದೇವೆ. ಆನ್‌ಲೈನ್‌ನಲ್ಲಿ ತರಿಸಿದ ಬಾಟಲಿಯ ವಿವರದಲ್ಲಿ ‘100% ಸೇಫ್, ಫುಡ್ ಗ್ರೇಡ್ ಪಿಪಿ, ಬಿಪಿಎ ಫ್ರೀ, 120 ಡಿಗ್ರಿ ಬಿಸಿ ತಡೆಯುತ್ತದೆ’ ಅಂತಿದೆ. ಹಾಗಾದರೆ ಕುದಿಯುವ ನೀರನ್ನು ಬಾಟಲಿಗೇ ಹಾಕಿ ಹಾಲು ಕಲೆಸಬಹುದಾ?

ಉತ್ತರ: ಹಾಕಬೇಡಿ. ಬಾಟಲಿ ಕರಗುವುದಿಲ್ಲ, ಅದು ನಿಜ. 120 ಡಿಗ್ರಿ ಅಂದರೆ ಅಷ್ಟು ಬಿಸಿಗೂ ಬಾಟಲಿಯ ಆಕಾರ ಕೆಡುವುದಿಲ್ಲ ಅಂತ ಅಷ್ಟೇ. ಆ ಬಿಸಿಯಲ್ಲಿ ಹಾಲಿಗೆ ಏನು ಸೇರುತ್ತದೆ ಅನ್ನೋದಕ್ಕೆ ಆ ಸಂಖ್ಯೆಯಲ್ಲಿ ಉತ್ತರ ಇಲ್ಲ.

ಪಿಪಿ ಅಂದರೆ ಪಾಲಿಪ್ರೊಪಿಲೀನ್. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುತ್ತದೆ, ನೋಡಿ. ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಇಂಥ ಬಾಟಲಿಗಳನ್ನೇ ಪರೀಕ್ಷಿಸಿದರು. ನೀರು 25 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 6 ಲಕ್ಷ ಸೂಕ್ಷ್ಮ ಪ್ಲಾಸ್ಟಿಕ್ ಕಣ ಸಿಕ್ಕಿತು. 95 ಡಿಗ್ರಿಗೆ ಅದು 5.5 ಕೋಟಿಗೆ ಏರಿತು. ಈ ಕಣಗಳಿಂದ ಮಗುವಿಗೆ ಏನು ತೊಂದರೆ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ, ಹಾಗಾಗಿ ಗಾಬರಿ ಬೇಡ. ಆದರೆ ಬಿಸಿ ಕಡಿಮೆ ಮಾಡಿದರೆ ಕಣವೂ ಕಡಿಮೆಯಾಗುತ್ತದೆ. ಅದು ನಮ್ಮ ಕೈಯಲ್ಲೇ ಇದೆ, ಅಲ್ವಾ?

ಇನ್ನು ‘ಬಿಪಿಎ ಫ್ರೀ’. ಬಿಪಿಎ ಅನ್ನೋದು ಪಾಲಿಕಾರ್ಬೊನೇಟ್ ಅನ್ನೋ ಬೇರೆ ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ. ಪಿಪಿ ಮಾಡಲು ಅದು ಬೇಕಾಗುವುದೇ ಇಲ್ಲ. ಮೇಲಾಗಿ ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ 2015ರ IS 14625 ಮಾನದಂಡದ ಪ್ರಕಾರ ಪ್ಲಾಸ್ಟಿಕ್ ಹಾಲಿನ ಬಾಟಲಿಯಲ್ಲಿ ಬಿಪಿಎ ಇರಲೇಬಾರದು. ಹಾಗಾಗಿ ಅದನ್ನು ಈ ಬಾಟಲಿಯ ವಿಶೇಷ ಗುಣ ಅಂದುಕೊಳ್ಳಬೇಡಿ. ಒಂದು ರಾಸಾಯನಿಕ ಇಲ್ಲ ಅಂತ ಮಾತ್ರ ಅದರ ಅರ್ಥ. ‘100% ಸೇಫ್’ ಅನ್ನೋ ಮಾತಿಗಂತೂ ಯಾವ ಅಳತೆಯೂ ಇಲ್ಲ. ನೀವು ಹುಡುಕಬೇಕಾದ್ದು ಬಾಟಲಿಯ ಡಬ್ಬಿಯ ಮೇಲಿನ ಐಎಸ್‌ಐ ಗುರುತು. ಅದಿಲ್ಲದೆ ಹಾಲಿನ ಬಾಟಲಿ ಮಾರುವುದನ್ನು ಶಿಶುಗಳ ಪುಡಿ ಹಾಲು, ಹಾಲಿನ ಬಾಟಲಿಗಳ ಮಾರಾಟಕ್ಕೆ ಸಂಬಂಧಿಸಿದ 1992ರ ಕಾಯ್ದೆಯೇ ತಡೆಯುತ್ತದೆ. ಗುರುತಿನ ಜೊತೆ CM/L ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿ. ಬಂದ ಹೆಸರು ಡಬ್ಬಿಯ ಮೇಲಿನ ತಯಾರಕರದ್ದೇ ಆಗಿರಬೇಕು. ಅದೇ ಕಾಯ್ದೆ ಹಾಲಿನ ಬಾಟಲಿಗೆ ಜಾಹೀರಾತು ಮಾಡುವುದನ್ನೂ ನಿಷೇಧಿಸಿದೆ. ಆದ್ದರಿಂದ ‘ತಾಯಿಯ ಹಾಲಿನಷ್ಟೇ ಸಹಜ’ ಅಂತೆಲ್ಲ ಬರೆದಿರುವ ಬಾಟಲಿಯನ್ನು ನಾನಾಗಿದ್ದರೆ ಕೊಳ್ಳುವುದಿಲ್ಲ.

ಹಾಗಂತ ಬರೀ ಉಗುರುಬೆಚ್ಚಗಿನ ನೀರಲ್ಲಿ ಪುಡಿ ಕಲೆಸುವಂತಿಲ್ಲ. ಪುಡಿ ಹಾಲಿನಲ್ಲಿ ಕ್ರೋನೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಅದು ಸಾಯಬೇಕಾದರೆ ನೀರು ಕನಿಷ್ಠ 70 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ದಾರಿ ನಿಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆ.

120 ಎಂಎಲ್ ಹಾಲು ಬೇಕು ಅಂದುಕೊಳ್ಳಿ. ಕನಿಷ್ಠ ಒಂದು ಲೀಟರ್ ನೀರು ಕುದಿಸಿ, ಮುಚ್ಚಿಡಿ; ಸ್ವಲ್ಪವೇ ನೀರಾದರೆ ಬೇಗ ಆರಿಬಿಡುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಬಿಡಬೇಡಿ, 70 ಡಿಗ್ರಿಗಿಂತ ಕೆಳಗಿಳಿದುಬಿಡುತ್ತದೆ. ಮೊದಲೇ ಕುದಿಸಿ ತೆಗೆದ ಸ್ಟೀಲ್ ಲೋಟಕ್ಕೆ 120 ಎಂಎಲ್ ನೀರು ಅಳೆದು ಹಾಕಿ, ಆಮೇಲೆ ಪುಡಿ ಹಾಲಿನ ಡಬ್ಬಿಯಲ್ಲಿ ಹೇಳಿದಷ್ಟು ಚಮಚ ಪುಡಿ ಹಾಕಿ ಕಲೆಸಿ. ಲೋಟವನ್ನು ತಣ್ಣೀರಿನ ಬಟ್ಟಲಲ್ಲಿ ಇಡಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟಾಗ ಬೆಚ್ಚಗಷ್ಟೇ ಅನ್ನಿಸಿದರೆ ಬಾಟಲಿಗೆ ಸುರಿಯಿರಿ. ಬಾಟಲಿಯನ್ನು ಮೈಕ್ರೋವೇವ್‌ಗೆ ಇಡಬೇಡಿ, ಬಿಸಿ ಹಾಲು ಹಾಕಿ ಕುಲುಕಬೇಡಿ. ಮಗು ಕುಡಿದು ಬಿಟ್ಟ ಹಾಲನ್ನು ಇಟ್ಟುಕೊಳ್ಳದೆ ಚೆಲ್ಲಿ.

ತೊಳೆಯುವಾಗ ಎಲ್ಲ ಭಾಗ ಬಿಚ್ಚಿ. ಮುಚ್ಚಳದ ಉಂಗುರದ ಒಳಗಿನ ಸಂದಿಯಲ್ಲಿ ಹಾಲಿನ ಕೆನೆ ಕೂತಿರುತ್ತದೆ. ವಾಸನೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ನಿಪ್ಪಲ್‌ಗೆ ಸೋಪಿನ ನೀರು ತುಂಬಿ ತೂತಿನಿಂದ ಹಿಂಡಿ ತೆಗೆಯಿರಿ. ಮೆತ್ತನೆ ಬ್ರಷ್ ಸಾಕು. ಸ್ಟೀಲ್ ನಾರಿನಿಂದ ಉಜ್ಜಿದರೆ ಗೀರು ಬಿದ್ದು ಅದರಲ್ಲಿ ಹಾಲು ಕೂರುತ್ತದೆ. ಆಮೇಲೆ 5 ನಿಮಿಷ ಪೂರ್ತಿ ಮುಳುಗಿಸಿ ಕುದಿಸಿ. ಈ ಕುದಿತದಿಂದಲೂ ಕಣ ಬಿಡುತ್ತದೆ. ಆದ್ದರಿಂದ ಬಾಟಲಿ ಆರಿದ ಮೇಲೆ, ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಆರಿಸಿದ ನೀರಿನಿಂದ ಮೂರು ಸಲ ಗಲಬರಿಸಿ. ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಿ.

ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಅದು ಸುಣ್ಣ. ಅರ್ಧ ವಿನೆಗರ್, ಅರ್ಧ ನೀರು ಹಾಕಿ ಸ್ವಲ್ಪ ಹೊತ್ತು ನೆನೆಸಿದರೆ ಬಿಡುತ್ತದೆ, ಆಮೇಲೆ ಚೆನ್ನಾಗಿ ತೊಳೆಯಿರಿ. ಅದಕ್ಕೂ ಹೋಗದೆ ಬಾಟಲಿ ಮಂಕಾಗೇ ಇದ್ದರೆ, ಗೀರು ಕಂಡರೆ ಅಥವಾ ನಿಪ್ಪಲ್ ಊದಿಕೊಂಡು ಅಂಟಂಟಾದರೆ ಬದಲಾಯಿಸಿ. ನಿಮ್ಮ ಅಮ್ಮನ ಮನೆಯಲ್ಲಿ ಮಗುವಿಗೆ ಹಾಲು ಕುಡಿಸುವ ಹಳೆಯ ಒಳಲೆ ಇದ್ದರೆ ಅದನ್ನೂ ಬಳಸಲು ಹೊರಗೆ ತೆಗೆಯಿರಿ. ಸ್ಟೀಲಿನದೋ ಬೆಳ್ಳಿಯದೋ ಆದರೆ ಅದಕ್ಕೆ ನಿಪ್ಪಲ್ಲೂ ಇಲ್ಲ, ಸಂದಿಯೂ ಇಲ್ಲ. ಕುದಿಸಿ ತೆಗೆದರೆ ಮುಗಿಯಿತು. ಕುಡಿಸುವಾಗ ಮಗುವನ್ನು ತಲೆ ಎತ್ತರವಾಗಿ ಕೂರಿಸಿಕೊಂಡು, ನಿಧಾನವಾಗಿ ಗುಟುಕು ಗುಟುಕಾಗಿ ಕೊಡಿ.