ಹುಲಿ-ಕುರಿ ಆಟಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಶಿವಮೊಗ್ಗದಲ್ಲಿ ಒಬ್ಬರೋ ಇಬ್ಬರೋ ಕೂತು ಹುಲಿ-ಕುರಿ ಆಟವನ್ನು ಆಂಡ್ರಾಯ್ಡ್ ಮೊಬೈಲಿಗೆ ತಂದಿದ್ದಾರೆ ಎನ್ನೋಣ. ಆಟವನ್ನು ಗೂಗಲ್ ಪ್ಲೇಯಲ್ಲಿ ಉಚಿತವಾಗಿ ಬಿಡಬೇಕೋ ಬೆಲೆ ಇಡಬೇಕೋ ಎಂಬುದನ್ನು ಮೊದಲೇ ಯೋಚಿಸಬೇಕು. ಒಮ್ಮೆ ಉಚಿತವಾಗಿ ಬಿಟ್ಟ ಆ್ಯಪಿಗೆ ಆಮೇಲೆ ಬೆಲೆ ಹಾಕಲು ಬರುವುದಿಲ್ಲ. ಬೇರೆ ಪ್ಯಾಕೇಜ್ ಹೆಸರಿನಲ್ಲಿ ಹೊಸದಾಗಿ ಏರಿಸಬೇಕು, ಹಳೆಯ ರೇಟಿಂಗ್ ಹೋಯಿತು.

ಲೆಕ್ಕಕ್ಕೆಂದು ದಿನಕ್ಕೆ 500 ಜನ ಆಡುತ್ತಾರೆ, ತಲಾ 3 ಜಾಹೀರಾತು ನೋಡುತ್ತಾರೆ, ಸಾವಿರ ಪ್ರದರ್ಶನಕ್ಕೆ 40 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 60, ತಿಂಗಳಿಗೆ 1,800 ರೂಪಾಯಿ. ಗೂಗಲಿನ ಜಾಹೀರಾತು ಸೇವೆಯಾದ ಆ್ಯಡ್‌ಮಾಬ್ 100 ಡಾಲರ್ ಕೂಡುವವರೆಗೆ ಹಣ ಕಳಿಸದು, ಹಾಗಾಗಿ ಮೊದಲ ಪಾವತಿಗೆ ತಿಂಗಳುಗಟ್ಟಲೆ ಕಾಯಬೇಕು. ಅದೇ ಆಟಕ್ಕೆ 100 ರೂಪಾಯಿ ಬೆಲೆಯಿಟ್ಟರೆ, ತೆರಿಗೆ ಬದಿಗಿಟ್ಟು, ಶೇ 15 ಶುಲ್ಕ ಕಳೆದು 85 ಉಳಿಯುತ್ತದೆ. ತಿಂಗಳಿಗೆ 22 ಜನ ಕೊಂಡರೆ ಸಾಕು. ಆದರೆ ಹೆಸರು ಕೇಳದ ಆಟಕ್ಕೆ, ಆಡಿ ನೋಡುವ ಮೊದಲೇ ದುಡ್ಡು ಕೊಡುವ 22 ಜನರನ್ನು ಪ್ರತಿ ತಿಂಗಳೂ ಹುಡುಕುವುದೇ ಕಷ್ಟ.

ಇಲ್ಲಿ ಗೆಲ್ಲುವುದು ಮೂರನೆಯ ದಾರಿ: ಆಟ ಉಚಿತ, ಒಳಗೆ ‘ಜಾಹೀರಾತು ಬೇಡ’ ಎಂಬ ಒಂದೇ ಖರೀದಿ. ಮೇಲಿನ ಲೆಕ್ಕದಲ್ಲಿ ದಿನಾ ಆಡುವ ಒಬ್ಬರಿಂದ ಜಾಹೀರಾತಿನಲ್ಲಿ ತಿಂಗಳಿಗೆ ಬರುವುದು 3 ರೂಪಾಯಿ 60 ಪೈಸೆ. ಖರೀದಿಗೆ 49 ರೂಪಾಯಿ ಇಟ್ಟರೂ ಕೈಗೆ ಬರುವ ಸುಮಾರು 42 ರೂಪಾಯಿ, ಅವರು ಹನ್ನೊಂದೂವರೆ ತಿಂಗಳು ಬಿಡದೆ ಆಡಿದ್ದಕ್ಕೆ ಸಮ. ಅಷ್ಟು ದಿನ ಉಳಿಯುವವರು ವಿರಳ. ಜಾಹೀರಾತಿನ ಆದಾಯ ಹೋದೀತೆಂದು ಹೆದರಿ ಈ ಬೆಲೆಯನ್ನು 299ಕ್ಕೆ ಏರಿಸುವುದು ನನ್ನ ಪ್ರಕಾರ ದಡ್ಡತನ. ನಾಣ್ಯದ ಮೂಟೆಗಳ ಮಾರಾಟ ಇಂಥ ಆಟಕ್ಕೆ ಒಗ್ಗುವುದಿಲ್ಲ, ಹುಲಿಗೆ ಕೊಳ್ಳುವಂಥದ್ದೇನಿದೆ?

ಎಡವುವುದು ಅಳವಡಿಕೆಯಲ್ಲಿ. ಖರೀದಿಯಾದ ಮೇಲೆ ಮೂರು ದಿನದೊಳಗೆ `acknowledgePurchase()` ಕರೆಯದಿದ್ದರೆ ಪ್ಲೇ ತಾನಾಗಿಯೇ ಹಣ ಹಿಂದಿರುಗಿಸುತ್ತದೆ. ಎಲ್ಲ ಮಾರಾಟವೂ ಮೂರನೆಯ ದಿನಕ್ಕೆ ರದ್ದಾಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಆಟ ತೆರೆದಾಗಲೆಲ್ಲ `queryPurchasesAsync()` ಕರೆಯಿರಿ. ಇಲ್ಲವಾದರೆ ಹೊಸ ಫೋನು ಕೊಂಡವರಿಗೆ ಮತ್ತೆ ಜಾಹೀರಾತು ಕಾಣಿಸಿ ಬೈಗುಳ ಬರುತ್ತದೆ.

ಮಲೆನಾಡಿಗೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಹೊಸನಗರದ ಕಡೆ ನೆಟ್‌ವರ್ಕ್ ಹೋದಾಗ ಜಾಹೀರಾತು ಬರುವುದಿಲ್ಲ, ಮೊದಲೇ ತರಿಸಿಟ್ಟದ್ದೂ ಒಂದು ತಾಸಿಗೆ ಹಳಸುತ್ತದೆ. ‘ಜಾಹೀರಾತು ನೋಡಿ ಸುಳಿವು ಪಡೆಯಿರಿ’ ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಒಂದು ಸ್ಟಾರ್ ಖಚಿತ. ಜಾಹೀರಾತು ಸಿದ್ಧವಿಲ್ಲದಾಗ ದಿನಕ್ಕೊಂದು ಸುಳಿವನ್ನು ಸುಮ್ಮನೆ ಕೊಟ್ಟುಬಿಡಿ. ಈ ನಷ್ಟ ಆ್ಯಡ್‌ಮಾಬ್ ವರದಿಯಲ್ಲಿ ಕಾಣದು, ಏಕೆಂದರೆ ಕೋರಿಕೆಯೇ ಅಲ್ಲಿಗೆ ತಲುಪಿರುವುದಿಲ್ಲ. ಗುಂಡಿ ಒತ್ತಿದ ಸಂಖ್ಯೆಯನ್ನು ಫೋನಿನಲ್ಲೇ ಎಣಿಸಿಟ್ಟು, ನೆಟ್ ಬಂದಾಗ ತರಿಸಿಕೊಂಡು, ವರದಿಯಲ್ಲಿನ ಪ್ರದರ್ಶನಗಳ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.