ಸಂಬಳ ಯೂರೋದಲ್ಲಿ, ಖರ್ಚು ರೂಪಾಯಿಯಲ್ಲಿ

"ರೂಪಾಯಿ ಹೇಗೂ ಬೀಳ್ತಾನೇ ಇರುತ್ತೆ ಅಲ್ವಾ ಸರ್? ದುಡ್ಡು ಯೂರೋದಲ್ಲೇ ಇರಲಿ ಬಿಡಿ." ಮ್ಯೂನಿಕ್‌ನಲ್ಲಿ ಕೆಲಸ ಮಾಡುವ, ಹತ್ತು ವರ್ಷದ ನಂತರ ಮೈಸೂರಿಗೆ ಬಂದು ನೆಲೆಸಬೇಕೆಂದಿರುವ ಎಂಜಿನಿಯರ್ ಒಬ್ಬರು ಕೇಳಿದ್ದು ಇದು.

ಈ ನಂಬಿಕೆ ಹುಟ್ಟಿದ್ದು ಡಾಲರ್ ನೋಡಿ. 2014ರ ಮಧ್ಯದಲ್ಲಿ ಸುಮಾರು 60 ರೂಪಾಯಿ ಇದ್ದ ಡಾಲರ್, 2024ರ ಮಧ್ಯಕ್ಕೆ 83 ದಾಟಿತ್ತು. ಯೂರೋ ಮಾತ್ರ 82ರ ಆಸುಪಾಸಿನಿಂದ 89ರವರೆಗೆ ಹೋಯಿತು, ಅಷ್ಟೇ. ಬಡ್ಡಿ ಇಲ್ಲದ ಖಾತೆಯಲ್ಲಿ ಸುಮ್ನೆ ಬಿಟ್ಟ ಒಂದು ಲಕ್ಷ ಯೂರೋ 82 ಲಕ್ಷದಿಂದ 89 ಲಕ್ಷ ಆಯಿತು. ಊರಿನ ಬೆಲೆಗಳು ವರ್ಷಕ್ಕೆ 5% ಏರಿದವು ಅಂದುಕೊಂಡರೆ, 2014ರಲ್ಲಿ 82 ಲಕ್ಷಕ್ಕೆ ಆಗುತ್ತಿದ್ದ ಖರ್ಚಿಗೆ ಈಗ ಸುಮಾರು 1 ಕೋಟಿ 34 ಲಕ್ಷ ಬೇಕು. ಮರುವರ್ಷ, 2025ರಲ್ಲಿ, ಯೂರೋ 100 ರೂಪಾಯಿ ದಾಟಿತು. ಒಂದೇ ವರ್ಷದ ಅಂತರದಲ್ಲಿ ಬಂದ ಇಬ್ಬರ ಕೈಗೆ ಸಿಗುವ ಮೊತ್ತ ಎಷ್ಟು ಬೇರೆ ನೋಡಿ!

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಈ ಎಂಜಿನಿಯರ್ ಖಾತೆಯಲ್ಲಿದ್ದದ್ದು ಇಡೀ ಜಗತ್ತಿನ ಷೇರುಗಳ ಒಂದು ಇಂಡೆಕ್ಸ್ ಫಂಡ್. ಬೆಲೆ ಯೂರೋದಲ್ಲಿ ಕಾಣುತ್ತದೆ, ಆದರೆ ಒಳಗಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಕಂಪನಿಗಳು. ಹಾಗಾಗಿ ಇವರ ಅಪಾಯ ಬಹುಪಾಲು ಡಾಲರ್‌ನದು. ಹೆಸರಿನಲ್ಲಿ 'ಹೆಡ್ಜ್ಡ್' ಅಂತಿದ್ದರೆ ಕಥೆ ಬೇರೆ: ಡಾಲರ್ ಏರಿಳಿತ ಯೂರೋ ಬೆಲೆಗೆ ತಟ್ಟದಂತೆ ಫಂಡ್‌ನವರೇ ದುಡ್ಡು ಖರ್ಚು ಮಾಡಿ ತಡೆಯುತ್ತಾರೆ. ರೂಪಾಯಿಯಲ್ಲಿ ಖರ್ಚು ಮಾಡುವವರು ಯೂರೋಗೆ ಹೆಡ್ಜ್ ಮಾಡಿದ ಫಂಡ್‌ಗೆ ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಾವು ಮೊದಲು ಖರ್ಚನ್ನು ಎರಡು ಭಾಗ ಮಾಡಿದೆವು. ಮನೆ, ಅಪ್ಪ-ಅಮ್ಮನ ಆರೈಕೆ, ದಿನದ ಖರ್ಚು ರೂಪಾಯಿಯವು. ಮಗಳು ಹೊರಗೆ ಓದಿದರೆ ಅದು ಯೂರೋದ್ದು, ಅಷ್ಟು ಹಣ ಅಲ್ಲೇ ಇರಲಿ. ಮೊದಲ ಆರು ವರ್ಷ ಉಳಿತಾಯ ಜಗತ್ತಿನ ಫಂಡ್‌ಗೂ ಭಾರತದ ಷೇರು ಫಂಡ್‌ಗೂ ಹಂಚಿ ಹೋಗುತ್ತದೆ. ಏಳನೇ ವರ್ಷದಿಂದ, ಮನೆಗೆ ಬೇಕಾದ ಮೊತ್ತದ ಕಾಲುಭಾಗದಂತೆ ಪ್ರತಿ ವರ್ಷ ಎನ್‌ಆರ್‌ಇ ಠೇವಣಿಗೆ, ಅಂದರೆ ಅನಿವಾಸಿಗಳು ಹೊರಗಿನ ಗಳಿಕೆಯನ್ನು ಭಾರತದಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿಗೆ, ತರುವುದು. ಯಾವುದೋ ಒಂದು ವರ್ಷ ಯೂರೋ ಕುಸಿದರೂ ಪೆಟ್ಟು ಬೀಳುವುದು ಕಾಲುಭಾಗಕ್ಕೆ ಮಾತ್ರ. ಎಫ್‌ಸಿಎನ್‌ಆರ್ ಠೇವಣಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಇರುವುದೇ ವಿದೇಶಿ ಕರೆನ್ಸಿಯಲ್ಲಿ, ಹಾಗಾಗಿ ಅಪಾಯ ಹಾಗೇ ಉಳಿಯುತ್ತದೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ನಿಜ, ಆದರೆ ಜರ್ಮನಿಯ ನಿವಾಸಿಯಾಗಿರುವಷ್ಟು ದಿನ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಲೇಬೇಕು.

ಉಳಿದ ಜಗತ್ತಿನ ಫಂಡ್ ಅನ್ನು ಬಂದ ದಿನವೇ ಮಾರುವ ಆತುರ ಬೇಡ. ಇಷ್ಟು ವರ್ಷ ಹೊರಗಿದ್ದವರಿಗೆ ಮರಳಿದ ಮೇಲೆ ಸಾಮಾನ್ಯವಾಗಿ ಎರಡು ವರ್ಷ ಆರ್‌ಎನ್‌ಒಆರ್, ಅಂದರೆ 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ' ಅನ್ನುವ ತೆರಿಗೆ ಸ್ಥಾನಮಾನ ಸಿಗುತ್ತದೆ. ಆಗ ಹೊರದೇಶದ ಲಾಭಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಒಂದೇ ಎಚ್ಚರಿಕೆ: ಮಾರಿದ ಹಣ ಮೊದಲು ಜರ್ಮನಿಯ ಖಾತೆಗೆ ಬರಲಿ, ಆಮೇಲೆ ಇಲ್ಲಿಗೆ ಕಳಿಸಿ. ನೇರವಾಗಿ ಭಾರತದ ಖಾತೆಗೆ ಹಾಕಿಸಿಕೊಂಡರೆ ಆ ಲಾಭ ಇಲ್ಲೇ ಕೈಗೆ ಬಂತು ಅಂತ ತೆರಿಗೆ ಇಲಾಖೆ ಪ್ರಶ್ನಿಸಬಹುದು.