ಪಕ್ಕದಲ್ಲೇ ಮಗುವನ್ನು ಕೂರಿಸಿದರೂ ಗೊಂಬೆಯ ಸೈಜ್ ಸುಳ್ಳಾಗುವುದೇಕೆ?

ಓದುಗರ ಪ್ರಶ್ನೆ: ನಾವು ಬಟ್ಟೆ ಗೊಂಬೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಅಳತೆ ಸ್ಪಷ್ಟವಾಗಿ ಬರೆದಿದ್ದೇವೆ. ಸೈಜ್ ಗೊತ್ತಾಗಲಿ ಅಂತ ಫೋಟೋದಲ್ಲಿ ಮಗುವನ್ನೂ ಕೂರಿಸಿದ್ದೇವೆ. ಆದರೂ ‘ಇಷ್ಟು ಚಿಕ್ಕದಾ?’ ಅಂತ ಹೇಳಿ ವಾಪಸ್ ಕಳಿಸುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಗೊಂಬೆ, ಒಮ್ಮೆ ಗಿಲಕಿ, ಇನ್ನೊಮ್ಮೆ ಮರದ ರೈಲು. ಎಷ್ಟು ಸಲ ಕೇಳಿದರೂ ನನ್ನ ಉತ್ತರ ಒಂದೇ. ನೀವು ಬರೆದ ಅಳತೆ ಸರಿ ಇದೆ, ಕ್ಯಾಮೆರಾ ನಿಂತ ಜಾಗ ಸರಿ ಇಲ್ಲ. ಕೊಳ್ಳುವವರು ಮೊದಲು ನೋಡುವುದು ಫೋಟೋ. ಅದನ್ನು ನೋಡಿದ ತಕ್ಷಣ ಮನಸ್ಸಿನಲ್ಲಿ ಒಂದು ಸೈಜ್ ಕೂತುಬಿಡುತ್ತದೆ. ಆಮೇಲೆ ಕೆಳಗೆ ‘24 ಸೆಂ.ಮೀ.’ ಅಂತ ಓದಿದರೂ ಅದು ಅಲ್ಲಾಡುವುದಿಲ್ಲ.

‘ಮಗು ಪಕ್ಕದಲ್ಲಿದ್ದರೆ ಸೈಜ್ ತಾನಾಗಿ ಗೊತ್ತಾಗುತ್ತದೆ’ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಬೇರೆಲ್ಲ ತಪ್ಪುಗಳನ್ನು ಜನ ಒಮ್ಮೆ ಹೇಳಿದರೆ ತಿದ್ದಿಕೊಳ್ಳುತ್ತಾರೆ, ಇದೊಂದನ್ನು ಮಾತ್ರ ಬಿಡುವುದಿಲ್ಲ. ಆದ್ದರಿಂದ ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಒಂದು ಕರಡಿ ಗೊಂಬೆ ಇದೆ ಅಂದುಕೊಳ್ಳಿ. ಕೂತಾಗ ಅದರ ಎತ್ತರ 24 ಸೆಂ.ಮೀ. ಒಂದು ವರ್ಷ ದಾಟಿದ ಮಗು ನೆಲದ ಮೇಲೆ ಕೂತಿದೆ, ನೆಲದಿಂದ ನೆತ್ತಿಗೆ 48 ಸೆಂ.ಮೀ. ಅಂದರೆ ಕರಡಿ ಮಗುವಿನ ಸರಿಯಾಗಿ ಅರ್ಧ. ಮಾರುವ ವಸ್ತು ಕರಡಿ ತಾನೇ, ಅದು ಮುಂದೆ ಕಾಣಲಿ ಅಂತ ಅದನ್ನು ಮಗುವಿನ ಕಾಲ ಹತ್ತಿರ ಇಡುತ್ತೀರಿ. ಮಗುವಿನ ಬೆನ್ನಿಗಿಂತ 25 ಸೆಂ.ಮೀ. ಮುಂದೆ ಬಂತು. ಇಬ್ಬರೂ ಫ್ರೇಮ್ ತುಂಬಲಿ ಅಂತ ಫೋನ್ ಹಿಡಿದು ಕರಡಿಗೆ 50 ಸೆಂ.ಮೀ. ಹತ್ತಿರ ಹೋಗುತ್ತೀರಿ. ಈಗ ಕ್ಯಾಮೆರಾದಿಂದ ಕರಡಿ 50 ಸೆಂ.ಮೀ. ದೂರ, ಮಗು 75 ಸೆಂ.ಮೀ. ದೂರ. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಎಷ್ಟು ದೊಡ್ಡದು ಅನ್ನುವುದಕ್ಕೆ ಈ ಎರಡು ದೂರಗಳನ್ನು ಭಾಗಿಸಿದರೆ ಸಾಕು. 75ನ್ನು 50ರಿಂದ ಭಾಗಿಸಿದರೆ ಒಂದೂವರೆ. ಮಗುವಿಗೆ ಹೋಲಿಸಿದರೆ ಕರಡಿ ತನ್ನ ನಿಜವಾದ ಸೈಜಿನ ಒಂದೂವರೆ ಪಟ್ಟು ಕಾಣುತ್ತದೆ. 24 ಸೆಂ.ಮೀ. ಕರಡಿ 36 ಸೆಂ.ಮೀ. ಆಯಿತು!

ಗಮನಿಸಿ, ಇಲ್ಲಿ ಯಾರೂ ಎಡಿಟ್ ಮಾಡಿಲ್ಲ, ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲ. ಆದರೂ ಫೋಟೋ ಸುಳ್ಳು ಹೇಳಿತು. ಮಗು ಫ್ರೇಮಿನಲ್ಲಿ ಇದ್ದದ್ದರಿಂದ ಆ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು. ಮಗು ಇಲ್ಲದಿದ್ದರೆ ನೋಡುವವರು ‘ಸೈಜ್ ಎಷ್ಟಿರಬಹುದು’ ಅಂತ ಕೆಳಗೆ ಓದುತ್ತಿದ್ದರು. ಮಗು ಇರುವುದರಿಂದ ಓದುವ ಅಗತ್ಯವೇ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮಾತು: ‘ಹಾಗಾದರೆ ಫೋನ್ ಲೆನ್ಸಿನದೇ ದೋಷ, ಬೇರೆ ಲೆನ್ಸ್ ಹಾಕುತ್ತೇವೆ.’ ಅಲ್ಲ. ಮೇಲಿನ ಲೆಕ್ಕದಲ್ಲಿ ಲೆನ್ಸ್ ಎಲ್ಲಾದರೂ ಬಂತಾ? ದೂರ ಮಾತ್ರ ಬಂತು. ನಿಂತಲ್ಲೇ ನಿಂತು ಜೂಮ್ ಮಾಡಿದರೆ ಚಿತ್ರ ಹಿಗ್ಗುತ್ತದೆ, ಕರಡಿಗೂ ಮಗುವಿಗೂ ಇರುವ ಅನುಪಾತ ಹಾಗೇ ಉಳಿಯುತ್ತದೆ. ಹಿಂದೆ ಹೋಗಬೇಕು. ಕರಡಿಯಿಂದ 2 ಮೀಟರ್ ದೂರ ನಿಂತರೆ ಕರಡಿ 200 ಸೆಂ.ಮೀ., ಮಗು 225 ಸೆಂ.ಮೀ. ದೂರ. ಕರಡಿ ಈಗ 27 ಸೆಂ.ಮೀ. ಇದ್ದ ಹಾಗೆ ಕಾಣುತ್ತದೆ. ಹಿಂದೆ ಹೋದದ್ದರಿಂದ ಚಿತ್ರ ಚಿಕ್ಕದಾಯಿತು ಅಂದರೆ ಆಗ ಜೂಮ್ ಮಾಡಿ, ಇಲ್ಲವೇ ಕ್ರಾಪ್ ಮಾಡಿ. ಜೂಮಿನ ಕೆಲಸ ಅಷ್ಟೇ.

ಉಳಿದ 3 ಸೆಂ.ಮೀ. ಕೂಡ ಹೋಗಬೇಕಾದರೆ ಇಬ್ಬರನ್ನೂ ಒಂದೇ ಗೆರೆಯಲ್ಲಿ ಕೂರಿಸಿ. ನೆಲದ ಮೇಲೆ ಕ್ಯಾಮೆರಾಗೆ ಅಡ್ಡಲಾಗಿ ಒಂದು ಟೇಪ್ ಅಂಟಿಸಿ. ಮಗುವಿನ ಬೆನ್ನೂ ಕರಡಿಯ ಬೆನ್ನೂ ಅದರ ಮೇಲೆಯೇ ಬರಲಿ, ಕರಡಿ ಮಗುವಿನ ಸೊಂಟದ ಪಕ್ಕ ಇರಲಿ. ಚಾಚಿದ ಕಾಲುಗಳ ನಡುವೆ ಬೇಡ, ಅದು ಮುಂದೆ ಬಂದ ಹಾಗೆಯೇ. ದೊಡ್ಡವರೊಬ್ಬರು ಫ್ರೇಮಿನ ಅಂಚಿನಲ್ಲೇ, ಕೈಗೆ ಮಗು ಸಿಗುವಷ್ಟು ಹತ್ತಿರ ಕೂತಿರಲಿ. ಮಗು ಹೇಳಿದ ಹಾಗೆ ಕೂರುವುದಿಲ್ಲ, ನಿಜ. ಕರಡಿಯನ್ನು ಎಳೆದು ಎದೆಗೆ ಅವುಚಿಕೊಳ್ಳುತ್ತದೆ. ಒಳ್ಳೆಯದೇ ಆಯಿತು, ಎದೆಗೆ ಅಂಟಿದ ಕರಡಿಯೂ ಮಗುವೂ ಹೆಚ್ಚು ಕಡಿಮೆ ಒಂದೇ ದೂರದಲ್ಲಿರುತ್ತವೆ. ಮೇಲಾಗಿ ಆ ಹೊತ್ತಿನ ನಗು ‘ನಗು ಪುಟ್ಟಾ’ ಅಂತ ಹೇಳಿ ಬರಿಸುವ ನಗುವಲ್ಲ.

ಸರಿಯಾಯಿತೋ ಇಲ್ಲವೋ ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ಮಗುವಿನ ಎತ್ತರ ಎಷ್ಟು ಪಿಕ್ಸೆಲ್, ಕರಡಿಯ ಎತ್ತರ ಎಷ್ಟು ಪಿಕ್ಸೆಲ್ ಅಂತ ಅಳೆಯಿರಿ. ಮಗು 1200 ಪಿಕ್ಸೆಲ್ ಇದ್ದರೆ ಈ ಕರಡಿ 600ರ ಆಸುಪಾಸು ಇರಬೇಕು. ಮೊದಲ ಫೋಟೋದಲ್ಲಿ ಅದು 900 ಇರುತ್ತದೆ. ಎರಡು ನಿಮಿಷದ ಕೆಲಸ ಇದು, ಆದರೂ ಮಾಡುವವರು ಕಡಿಮೆ.

ಇನ್ನೊಂದು ಸಂಗತಿ ಇದೆ. ಎಲ್ಲ ಸರಿ ಮಾಡಿದರೂ ಮಗು ಒಂದು ಸ್ಕೇಲ್ ಅಲ್ಲ. ಒಂದು ವರ್ಷದ ಮಗು ಸುಮಾರು 75 ಸೆಂ.ಮೀ. ಎತ್ತರ ಇರುತ್ತದೆ, ಮೂರು ವರ್ಷದ್ದು ಸುಮಾರು 95. ಮುಖ ಮಾತ್ರ ಕಾಣುವ ಫೋಟೋದಲ್ಲಿ ವಯಸ್ಸು ಗೊತ್ತಾಗುವುದೇ ಕಷ್ಟ. ನೋಡುವವರು ತಮ್ಮ ಮನೆಯ ಮಗುವನ್ನೇ ಅಲ್ಲಿ ಕೂರಿಸಿಕೊಂಡು ಲೆಕ್ಕ ಹಾಕುತ್ತಾರೆ. ಆದ್ದರಿಂದ ಮಗು ಇರುವ ಫೋಟೋ ಖುಷಿಗೆ ಇರಲಿ, ಸೈಜಿಗೆ ಬೇರೆಯೇ ಒಂದು ಫೋಟೋ ತೆಗೆಯಿರಿ. ಅದರಲ್ಲಿ ದೊಡ್ಡವರ ಕೈ ಗೊಂಬೆಯನ್ನು ಪಕ್ಕದಿಂದ ಹಿಡಿದಿರಲಿ. ಕೈ ಕ್ಯಾಮೆರಾ ಕಡೆಗೆ ಚಾಚಿರಬಾರದು. ದೊಡ್ಡವರ ಕೈಗಳಲ್ಲೂ ವ್ಯತ್ಯಾಸ ಇರುತ್ತದೆ, ಆದರೆ ಬೆಳೆಯುವ ಮಕ್ಕಳಲ್ಲಿ ಇರುವಷ್ಟು ಅಲ್ಲ.

ಅಳತೆ ಪಟ್ಟಿ ಇಡುವವರಿಗೂ ಇದೇ ಮಾತು. ಪಟ್ಟಿಯನ್ನು ಗೊಂಬೆಯ ಮುಂದೆ ಮೇಜಿನ ಮೇಲೆ ಮಲಗಿಸಿದರೆ ಪಟ್ಟಿ ದೊಡ್ಡದಾಗಿ, ಗೊಂಬೆ ಚಿಕ್ಕದಾಗಿ ಕಾಣುತ್ತದೆ. ಹಿಂದಿನ ಗೋಡೆಗೆ ಅಂಟಿಸಿದರೆ ಉಲ್ಟಾ. ಗೊಂಬೆ ಎಲ್ಲಿ ಅತಿ ಅಗಲವಾಗಿದೆಯೋ ಆ ಜಾಗದ ನೇರಕ್ಕೆ, ಪಕ್ಕದಲ್ಲಿ ನಿಲ್ಲಿಸಬೇಕು. ಬರೆಯುವ ಅಳತೆಯಲ್ಲೂ ಯಾವ ಅಳತೆ ಅಂತ ಹೇಳಿ. ಕಾಲು ಚಾಚಿ ನಿಲ್ಲಿಸಿದರೆ 38 ಸೆಂ.ಮೀ. ಬರುವ ಕರಡಿ ಕೂತರೆ 24 ಇರಬಹುದು. ಫೋಟೋದಲ್ಲಿ ಕೂರಿಸಿ, ಕೆಳಗೆ 38 ಅಂತ ಬರೆದರೆ ಅಂಕಿ ಸುಳ್ಳಲ್ಲದಿದ್ದರೂ ಕೊಳ್ಳುವವರು ದಾರಿ ತಪ್ಪುತ್ತಾರೆ ಅಲ್ವಾ?

ನಾಣ್ಯ ಇಟ್ಟು ತೋರಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಿಡಿ ಭಾಗ ಗಂಟಲಿಗೆ ಸಿಕ್ಕುವಷ್ಟು ಚಿಕ್ಕದೋ ಅಂತ ನೋಡಲು ಅಮೆರಿಕದಲ್ಲೂ ಯುರೋಪಿನಲ್ಲೂ 31.7 ಮಿ.ಮೀ. ಅಗಲದ ಒಂದು ಸಿಲಿಂಡರ್ ಬಳಸುತ್ತಾರೆ. ಒತ್ತದೆ ಬಿಟ್ಟಾಗ ಪೂರ್ತಿ ಅದರೊಳಗೆ ಇಳಿದರೆ ಆ ಭಾಗ ಫೇಲ್. ದಿನಬಳಕೆಯ ಹೆಚ್ಚಿನ ನಾಣ್ಯಗಳು ಅದರೊಳಗೆ ಇಳಿಯುತ್ತವೆ. ಮಗುವಿನ ಗಿಲಕಿಯ ಪಕ್ಕ, ಮಗುವಿನ ಕೈಗೆ ಸಿಗುವ ಹಾಗೆ, ನುಂಗಬಹುದಾದ ವಸ್ತು ಇಟ್ಟು ‘ಇದು ಸುರಕ್ಷಿತ’ ಅಂತ ಯಾವ ಬಾಯಲ್ಲಿ ಹೇಳುವುದು? ಅದೇ ಕಾರಣಕ್ಕೆ, ಮೂರು ವರ್ಷದ ಮೇಲಿನವರಿಗೆ ಅಂತ ಬರೆದ ಆಟಿಕೆಯ ಜೊತೆ ತೆವಳುವ ಮಗುವಿನ ಫೋಟೋ ತೆಗೆಯಬೇಡಿ. ಡಬ್ಬಿಯ ಮೇಲಿನ ಎಚ್ಚರಿಕೆಗಿಂತ ಆ ಫೋಟೋವೇ ಗಟ್ಟಿಯಾಗಿ ಮಾತಾಡುತ್ತದೆ.

ಖುಷಿ ಕಾಣಬೇಕು ಅಂತ ಬಣ್ಣ ಏರಿಸುವವರಿಗೆ ಒಂದೇ ಮಾತು. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಎದುರುಗಡೆ ಒಂದು ಬಿಳಿ ರಟ್ಟು ಹಿಡಿಯಿರಿ, ಕೋಣೆಯ ದೀಪ ಆರಿಸಿ. ಎರಡು ಬಗೆಯ ಬೆಳಕು ಬೆರೆತಾಗಲೇ ಬಣ್ಣ ಮಂಕಾಗಿ ಕಾಣುವುದು. ಗೊಂಬೆಯ ಬುಡದ ನೆರಳನ್ನು ಅಳಿಸಬೇಡಿ. ಆ ನೆರಳು ಹೋದರೆ ಗೊಂಬೆ ಗಾಳಿಯಲ್ಲಿ ತೇಲುತ್ತದೆ, ಅದು ಎಲ್ಲಿ ಕೂತಿದೆ, ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಆಮೇಲೆ ಸೈಜ್ ಹೇಗೆ ತಿಳಿಯಬೇಕು?

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗೊಂಬೆ ಮಾರುವವರಿಗೆಲ್ಲ ಬಹಳ ಇಷ್ಟವಾದ ಒಂದು ಚಿತ್ರ ಇದೆ: ತೊಟ್ಟಿಲಲ್ಲಿ ಕೂಸು ಮಲಗಿದೆ, ಕೆನ್ನೆಗೆ ತಾಗಿ ಬಟ್ಟೆ ಕರಡಿ, ಸುತ್ತ ಮೆತ್ತನೆಯ ದಿಂಬು. ನೋಡಲು ಮುದ್ದಾಗಿದೆ, ಆದರೆ ಆ ಫೋಟೋ ಬೇಡ. ಒಂದು ವರ್ಷದೊಳಗಿನ ಕೂಸು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು, ಹತ್ತಿರ ದಿಂಬು, ಸಡಿಲ ಹೊದಿಕೆ, ಮೆತ್ತನೆಯ ಆಟಿಕೆ ಇರಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸ್ಪಷ್ಟವಾಗಿ ಹೇಳುತ್ತದೆ. ಮೆತ್ತನೆಯದು ಮೂಗು ಬಾಯಿಗೆ ಅಡ್ಡ ಬಂದರೆ ಅಷ್ಟು ಚಿಕ್ಕ ಕೂಸಿಗೆ ಅದನ್ನು ಸರಿಸಲು ಆಗುವುದಿಲ್ಲ. ತೊಟ್ಟಿಲ ಒಳಗೆ ಸುತ್ತ ಕಟ್ಟುವ ಮೆತ್ತೆಯ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿತು. ‘ಫೋಟೋಗೆ ಮಾತ್ರ ಇಟ್ಟಿದ್ದೆವು, ಆಮೇಲೆ ತೆಗೆದೆವು’ ಅನ್ನುತ್ತಾರೆ. ಫೋಟೋ ನೋಡಿದ ಹೊಸ ತಾಯಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ಚಿತ್ರದಲ್ಲಿ ಕಂಡ ಹಾಗೇ ಇಡುತ್ತಾಳೆ.

ನಿದ್ದೆಯ ಭಾವನೆಯೇ ಬೇಕು ಅಂದರೆ ದಾರಿ ಇದೆ. ತೊಟ್ಟಿಲು ಪೂರ್ತಿ ಖಾಲಿ ಇರಲಿ, ಕೂಸು ಅಂಗಾತ ಮಲಗಿರಲಿ. ಕರಡಿ ತೊಟ್ಟಿಲ ಹೊರಗೆ, ಕೂಸಿನ ಕೈಗೆ ಎಟುಕದ ಕುರ್ಚಿಯಲ್ಲಿ ಕೂತಿರಲಿ. ಕುರ್ಚಿಯನ್ನು ತೊಟ್ಟಿಲಿಗಿಂತ ಮುಂದೆ ತರಬೇಡಿ, ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. 2 ಮೀಟರ್ ಹಿಂದೆ ನಿಂತು ತೆಗೆಯಿರಿ.